ಪರಿಸರ ಅಧ್ಯಯನ ಇಂಟರ್ನಲ್ ಪರೀಕ್ಷೆ: ಮಾಲಿನ್ಯದ ಪ್ರಶ್ನೆಗೆ ನೀವು ಕೊಟ್ಟ ಉದಾಹರಣೆಗಳ ಬಗ್ಗೆ

ಎರಡನೇ ಸೆಮಿಸ್ಟರ್‌ನ ಎಲ್ಲರಿಗೂ,

ಪೇಪರ್‌ಗಳನ್ನು ನೋಡಿ ಮುಗಿಸಿದ್ದೇನೆ. ಬುಧವಾರ ತರಗತಿಯಲ್ಲಿ ಕೊಡುತ್ತೇನೆ. ಅದಕ್ಕೂ ಮೊದಲು ಹತ್ತು ಅಂಕದ ಪ್ರಶ್ನೆಯ ಬಗ್ಗೆ ಸ್ವಲ್ಪ ಮಾತಾಡಬೇಕು. "ಮಾಲಿನ್ಯದ ಕಾರಣಗಳು ಮತ್ತು ಪರಿಹಾರಗಳನ್ನು ಸೂಕ್ತ ಉದಾಹರಣೆಗಳೊಂದಿಗೆ ವಿವರಿಸಿ" ಎಂದು ಕೇಳಿದ್ದೆ. ವ್ಯಾಖ್ಯಾನ ಬಹುತೇಕ ಎಲ್ಲರೂ ಸರಿಯಾಗಿ ಬರೆದಿದ್ದೀರಿ. ವಿಧಗಳೂ ಬಂದಿವೆ. ಅಂಕ ಹೋಗಿದ್ದು "ಸೂಕ್ತ ಉದಾಹರಣೆ" ಅನ್ನೋ ಎರಡು ಪದಗಳಲ್ಲಿ.

ಹೆಚ್ಚಿನ ಪೇಪರ್‌ಗಳಲ್ಲಿ ಇದ್ದ ಸಾಲು ಇದು: "ಕಾರ್ಖಾನೆಗಳ ತ್ಯಾಜ್ಯದಿಂದ ಜಲ ಮಾಲಿನ್ಯ ಆಗುತ್ತದೆ. ಉದಾ: ಗಂಗಾ ನದಿ. ಪರಿಹಾರ: ಗಿಡ ನೆಡಬೇಕು, ಜನರಲ್ಲಿ ಜಾಗೃತಿ ಮೂಡಿಸಬೇಕು." ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಯಾವ ಕಾರ್ಖಾನೆ, ನೀರಿಗೆ ಏನು ಸೇರಿತು, ಸೇರಿದ ಮೇಲೆ ನೀರಿಗೆ ಏನಾಯಿತು, ಯಾವುದೂ ಇಲ್ಲ. ಗಿಡ ನೆಟ್ಟರೆ ಚರ್ಮ ಹದಮಾಡುವ ಘಟಕದ ಕ್ರೋಮಿಯಂ ನದಿಗೆ ಬರೋದು ನಿಲ್ಲುತ್ತಾ? ಇಲ್ಲ. "ಕಾನ್ಪುರದ ಚರ್ಮದ ಘಟಕಗಳು, ಕ್ರೋಮಿಯಂ, ಹೊರಬಿಡುವ ಮೊದಲು ಶುದ್ಧೀಕರಣ ಘಟಕದಲ್ಲಿ ತೆಗೆಯಬೇಕು" ಎಂದು ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ನಾವಿರುವುದು ಚಿಕ್ಕಮಗಳೂರಿನಲ್ಲಿ. ನಿಮ್ಮಲ್ಲಿ ಎಷ್ಟೋ ಜನ ತೋಟದ ಮನೆಯವರು, ತೋಟದ ಲೈನ್‌ಗಳಲ್ಲಿ ಬೆಳೆದವರು. ಹಾಗಿದ್ದೂ ಕಾಫಿ ಪಲ್ಪಿಂಗ್ ನೀರಿನ ಬಗ್ಗೆ ಬರೆದವರು ಬೆರಳೆಣಿಕೆಯಷ್ಟು. ಅದು ನನಗೆ ನಿಜಕ್ಕೂ ಬೇಜಾರು ತಂದಿತು. ಅದಕ್ಕೇ ಆ ಉತ್ತರವನ್ನೇ ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತೇನೆ.

"ಅರೇಬಿಕಾ ಹಣ್ಣು ಕೊಯ್ಲಾದ ಮೇಲೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜದ ಮೇಲಿನ ಲೋಳೆಯನ್ನು ಹುಳಿ ಬರಿಸಿ ತೊಳೆಯುತ್ತಾರೆ. ಈ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಜಾಸ್ತಿ ಇರುತ್ತದೆ, ಹುಳಿ ಅಂಶವೂ ಇರುತ್ತದೆ. ನೇರ ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಇದನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ. ನದಿ, ಹಳ್ಳಕ್ಕೆ ಬಿಡುವ ತ್ಯಾಜ್ಯ ನೀರಿನ ಬಿಒಡಿ, ಅಂದರೆ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಾರು ಮಿಲಿಗ್ರಾಂ ಇರುತ್ತದೆ. ಪರಿಹಾರ: ಕಡಿಮೆ ನೀರು ಬಳಸುವ ಇಕೋ-ಪಲ್ಪರ್, ನೀರನ್ನು ಹಳ್ಳಕ್ಕೆ ಬಿಡದೆ ತೊಟ್ಟಿಗಳಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ತೆಗೆಯುವುದು, ಆಮೇಲೆ ಸಂಸ್ಕರಿಸುವುದು, ಸಿಪ್ಪೆಯನ್ನು ಗುಡ್ಡೆ ಹಾಕಿ ಗೊಬ್ಬರ ಮಾಡುವುದು."

ಗಮನಿಸಿ. ಸುಣ್ಣ ಯಾಕೆ ಬಂತು? ನೀರು ಹುಳಿ ಇರೋದ್ರಿಂದ. ಇಕೋ-ಪಲ್ಪರ್ ಯಾಕೆ ಬಂತು? ಕೊಳೆ ನೀರು ಹುಟ್ಟುವುದೇ ಕಡಿಮೆಯಾಗಲಿ ಎಂದು. ಕಾರಣದಲ್ಲಿ ಹೇಳಿದ ಪ್ರತಿಯೊಂದಕ್ಕೂ ಪರಿಹಾರದಲ್ಲಿ ಉತ್ತರ ಸಿಗುತ್ತದೆ. ನಾನು ಪೇಪರ್ ನೋಡುವಾಗ ಹುಡುಕುವುದು ಇದನ್ನೇ.

ಇನ್ನು ಹೊಂದದ ಉದಾಹರಣೆಗಳು. ಕುದುರೆಮುಖವನ್ನು ನೆನಪಿಸಿಕೊಂಡವರಿಗೆ ಮೆಚ್ಚುಗೆ, ನಮ್ಮ ಜಿಲ್ಲೆಯದೇ ಅದು. ಆದರೆ "ಅದಿರು ಲಾರಿಗಳ ಧೂಳಿನಿಂದ ವಾಯು ಮಾಲಿನ್ಯ, ಉದಾ: ಕುದುರೆಮುಖ" ಎಂದು ಬರೆದಿದ್ದೀರಿ. ಕುದುರೆಮುಖದ ಅದಿರು ಮುಖ್ಯವಾಗಿ ನೀರಿನಲ್ಲಿ ಕಲಸಿದ ರೂಪದಲ್ಲಿ ಪೈಪ್‌ಲೈನ್ ಮೂಲಕ ಮಂಗಳೂರಿಗೆ ಹೋಗುತ್ತಿತ್ತು. ಲಾರಿ ಧೂಳಿಗೆ ಬಳ್ಳಾರಿ ಸರಿಯಾದ ಉದಾಹರಣೆ. ಕುದುರೆಮುಖದ ದೊಡ್ಡ ಚಿಂತೆ ಬೇರೆ. ಅಲ್ಲಿ ಮಳೆ ವಿಪರೀತ. ಗುಡ್ಡ ಅಗೆದಾಗ ಸಡಿಲವಾದ ಮಣ್ಣು ಕೊಚ್ಚಿಕೊಂಡು ಹೋಗಿ ಭದ್ರಾ ನದಿಯಲ್ಲಿ ಹೂಳಾಗುತ್ತಿತ್ತು. ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನಲ್ಲಿ ತುಂಬಿಸಿದ್ದರು. ಸುಪ್ರೀಂ ಕೋರ್ಟ್‌ನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹಾಗಾಗಿ ಇದು ಜಲ ಮಾಲಿನ್ಯದ ಕೆಳಗೆ ಬರಬೇಕು, ಪರಿಹಾರದ ಜಾಗದಲ್ಲಿ ಆ ತೀರ್ಪೂ ಬರಬೇಕು.

ವಾಯು ಮಾಲಿನ್ಯದಲ್ಲಿ ಗೊಂದಲ ಜಾಸ್ತಿ. ವಾಹನದ ಹೊಗೆಗೆ ಭೋಪಾಲ್ ಉದಾಹರಣೆ ಕೊಟ್ಟವರಿದ್ದಾರೆ. 1984ರ ಭೋಪಾಲ್ ದುರಂತ ಆಗಿದ್ದು ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಸೋರಿ. ಅದು ಕೈಗಾರಿಕಾ ಅವಘಡ. ದೆಹಲಿಯಲ್ಲಿ ಕೂಳೆ ಸುಡುವ ಹೊಗೆ ಎಂದು ಬರೆದು, ಪರಿಹಾರಕ್ಕೆ ಬಿಎಸ್-6 ವಾಹನ ಬರೆದವರೂ ಇದ್ದಾರೆ. ಬಿಎಸ್-6 ಬಂದಿದ್ದು 2020ರಲ್ಲಿ, ವಾಹನದ ಹೊಗೆಗೆ. ಕೂಳೆಗೆ ಬೇಕಾದ್ದು ಸುಡದೆಯೇ ಅದರ ನಡುವೆ ಗೋಧಿ ಬಿತ್ತುವ ಯಂತ್ರ. ಓಝೋನ್ ತೂತಿಗೆ ಕಾರಿನ ಹೊಗೆ ಕಾರಣ ಅಲ್ಲ. ಹಳೇ ಫ್ರಿಜ್, ಸ್ಪ್ರೇಗಳಲ್ಲಿದ್ದ ಸಿಎಫ್‌ಸಿ. ಅದಕ್ಕೆ ಪರಿಹಾರ 1987ರ ಮಾಂಟ್ರಿಯಲ್ ಒಪ್ಪಂದ.

ಶಬ್ದ ಮಾಲಿನ್ಯಕ್ಕೆ "ಬಸ್ ಸ್ಟ್ಯಾಂಡ್" ಎಂದಷ್ಟೇ ಬರೆದು ಬಿಟ್ಟಿದ್ದೀರಿ. ಹಾರ್ನ್‌ ಇರಲಿ, ಜನರೇಟರ್ ಇರಲಿ, ಯಾವ ಸದ್ದು ಎಂದು ಹೇಳಿ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಎಂದು 2000ನೇ ಇಸವಿಯ ನಿಯಮಗಳಲ್ಲಿದೆ. ಆ ಒಂದು ಸಾಲು ಸೇರಿಸಿದ್ದರೆ ಒಂದು ಅಂಕ ಸಿಗುತ್ತಿತ್ತು.

ಹಾಸನದ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಮಣ್ಣಿನ ಮಾಲಿನ್ಯಕ್ಕೆ ಆಲೂಗಡ್ಡೆ ಹೊಲ ಬರೆದಿದ್ದಾಳೆ. ಮೋಡ ಮುಚ್ಚಿ ಜಿಟಿ ಜಿಟಿ ಮಳೆ ಹಿಡಿದರೆ ಅಂಗಮಾರಿ ಬರುತ್ತದೆ, ರೋಗ ಬರುವ ಮೊದಲೇ ಹೆದರಿ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ, ಖಾಲಿ ಡಬ್ಬಿಗಳು ಬದುವಿನಲ್ಲೇ ಬಿದ್ದಿರುತ್ತವೆ ಎಂದು. ಪರಿಹಾರಕ್ಕೆ ರೋಗವಿಲ್ಲದ ಬಿತ್ತನೆ ಗಡ್ಡೆ, ಬೆಳೆ ಬದಲಾವಣೆ, ಹವಾಮಾನ ನೋಡಿ ಸಿಂಪಡಣೆ ಬರೆದಿದ್ದಾಳೆ. ಭಾಷೆಯಲ್ಲಿ ಅಲ್ಲಲ್ಲಿ ತಪ್ಪಿದೆ, ಆದರೂ ತರಗತಿಯಲ್ಲಿ ಅತಿ ಹೆಚ್ಚು ಅಂಕ ಆ ಉತ್ತರಕ್ಕೇ ಹೋಗಿದೆ. ಎಷ್ಟು ಚೆನ್ನಾಗಿ ಕಣ್ಣು ಬಿಟ್ಟು ನೋಡಿದ್ದಾಳೆ ಅಲ್ವಾ? ಅದೇ ಪ್ರಶ್ನೆಗೆ ರಾಸಾಯನಿಕ ಗೊಬ್ಬರ ಕಾರಣ, ಪ್ಲಾಸ್ಟಿಕ್ ನಿಷೇಧ ಪರಿಹಾರ ಎಂದು ಬರೆದವರಿಗೆ ಅರ್ಧ ಅಂಕವೂ ಕೊಡಲಾಗಲಿಲ್ಲ.

"ಸರ್ಕಾರ ಕಠಿಣ ಕಾನೂನು ತರಬೇಕು" ಎಂಬ ಸಾಲನ್ನು ದಯವಿಟ್ಟು ಬಿಡಿ. ಜಲ ಕಾಯ್ದೆ 1974ರಿಂದ ಇದೆ, ವಾಯು ಕಾಯ್ದೆ 1981ರಿಂದ, ಪರಿಸರ ಸಂರಕ್ಷಣಾ ಕಾಯ್ದೆ 1986ರಿಂದ. ನಿಮ್ಮ ಉದಾಹರಣೆಗೆ ಯಾವುದು ಅನ್ವಯಿಸುತ್ತದೆ ಎಂದು ಹೆಸರು ಹಿಡಿದು ಬರೆಯಿರಿ. ಜಾಗೃತಿ ಎಂದು ಬರೆಯುವುದಾದರೆ ಯಾರಿಗೆ, ಯಾವುದರ ಬಗ್ಗೆ ಎಂದು ಹೇಳಿ. ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರಿಗೆ ನೀರಿನ ಬಾಟಲಿ ವಾಪಸ್ ಒಯ್ಯಿರಿ ಎಂದು ಹೇಳುವುದು ಜಾಗೃತಿ. ಸುಮ್ನೆ ಜಾಗೃತಿ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಬುಧವಾರ ಪೇಪರ್ ಕೈಗೆ ಬಂದ ಮೇಲೆ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ "ಎಲ್ಲಿ?", "ಏನು ಸೇರಿತು?", "ಇದಕ್ಕೆ ಇದು ಪರಿಹಾರವೇ?" ಎಂದು ಬರೆದಿರುವುದನ್ನು ನೋಡಿ. ಆ ಜಾಗಗಳನ್ನಷ್ಟೇ ತಿದ್ದಿ, ನಿಮ್ಮ ಊರಿನ ಒಂದು ಉದಾಹರಣೆ ಸೇರಿಸಿ, ಒಂದೂವರೆ ಪುಟದಲ್ಲಿ ಮತ್ತೆ ಬರೆದು ಶನಿವಾರದೊಳಗೆ ಸ್ಟಾಫ್ ರೂಮಿಗೆ ತಂದುಕೊಡಿ. ತಿದ್ದಿದ ಉತ್ತರಕ್ಕೆ ಮೂರು ಅಂಕದವರೆಗೆ ಸೇರಿಸುತ್ತೇನೆ. ಅನುಮಾನ ಇದ್ದರೆ ಊಟದ ಬಿಡುವಿನಲ್ಲಿ ಬನ್ನಿ, ಕೂತು ನೋಡೋಣ.