ಈ ಸೆಮಿಸ್ಟರ್ ಏನು ನೋಡೋಣ? ಫಿಲ್ಮ್ ಕ್ಲಬ್ ಸ್ವಾಗತ ಭಾಷಣ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಸೇರಿದವರಿಗೆ, ಹೋದ ವರ್ಷದಿಂದ ಜೊತೆಗಿರುವವರಿಗೆ, ಗೆಳೆಯರು ಕರೆದರೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿರುವವರಿಗೂ ಫಿಲ್ಮ್ ಕ್ಲಬ್‌ಗೆ ಸ್ವಾಗತ. ಈ ವರ್ಷ ಕ್ಲಬ್ಬಿನ ಸಂಚಾಲಕಿ ನಾನು.

ಈ ಸೆಮಿಸ್ಟರ್‌ನಲ್ಲಿ ಒಂಬತ್ತು ಪ್ರದರ್ಶನಗಳಿವೆ. ಬುಧವಾರ ಸಂಜೆ ನಾಲ್ಕೂವರೆಗೆ, ಇದೇ ಸೆಮಿನಾರ್ ಹಾಲ್‌ನಲ್ಲಿ. ಯಾವ ಒಂಬತ್ತು ಸಿನಿಮಾ ಎಂದು ಈಗಲೇ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ಏಕೆಂದರೆ ಆರಿಸಬೇಕಾದವರು ನೀವು.

ಚಿತ್ರಮಂದಿರಗಳಿಗೆ ಬಾರದ ಸಿನಿಮಾಗಳನ್ನು ತಾವೇ ತರಿಸಿ ನೋಡಬೇಕೆಂಬ ಹಂಬಲದಿಂದ ಫಿಲ್ಮ್ ಸೊಸೈಟಿಗಳು ಹುಟ್ಟಿಕೊಂಡವು. ಲಂಡನ್ನಿನಲ್ಲಿ 1925ರಲ್ಲಿ ಅಂಥದ್ದೊಂದು ಶುರುವಾಯಿತು. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಆಗ ರೀಲು ಸಿಗುವುದೇ ಕಷ್ಟವಿತ್ತು. ಈಗ ಸಿನಿಮಾಗಳಿಗೆ ಬರವಿಲ್ಲ, ಆದರೆ ಫೋನು ನಮ್ಮ ಮುಂದಿಡುವುದು ಹೆಚ್ಚಾಗಿ ನಾವು ಮೊದಲೇ ನೋಡಿದಂಥದ್ದನ್ನೇ. ನಾವಾಗಿಯೇ ಹುಡುಕಿಕೊಂಡು ಹೋಗದ ಸಿನಿಮಾದ ಎದುರು ನಮ್ಮನ್ನು ಕೂರಿಸಲು ಪಕ್ಕದಲ್ಲೊಬ್ಬ ಮನುಷ್ಯ ಬೇಕು. ನಮ್ಮ ಆಯ್ಕೆಯ ಕ್ರಮವನ್ನೆಲ್ಲ ಈ ನಂಬಿಕೆಯ ಮೇಲೇ ಕಟ್ಟಿದ್ದೇವೆ.

ಮೊದಲನೆಯದು ಸೂಚನೆ. ಒಬ್ಬರಿಗೆ ಒಂದೇ ಸಿನಿಮಾ, ಅದನ್ನು ನೀವು ಪೂರ್ತಿ ನೋಡಿರಬೇಕು. ಚೀಟಿಯಲ್ಲಿ ಹೆಸರು, ನಿರ್ದೇಶಕರು, ವರ್ಷ, ಭಾಷೆ, ಅವಧಿ ಬರೆಯಿರಿ. ಕೆಳಗೆ ಮೂರು ವಾಕ್ಯ: ಇದನ್ನು ಒಬ್ಬರೇ ನೋಡುವುದಕ್ಕಿಂತ ನಾವೆಲ್ಲ ಒಟ್ಟಿಗೆ ಏಕೆ ನೋಡಬೇಕು? ಪ್ರಶಸ್ತಿಗಳ ಪಟ್ಟಿ ಬೇಡ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ದೃಶ್ಯ, ಒಂದು ಸದ್ದು ಹೇಳಿದರೆ ಸಾಕು.

ಬಂದ ಸೂಚನೆಗಳನ್ನು ಸಮಿತಿ ಮೂರು ವಿಷಯಕ್ಕೆ ಮಾತ್ರ ಪರಿಶೀಲಿಸುತ್ತದೆ. ಎರಡೂವರೆ ಗಂಟೆ ಮೀರಬಾರದು, ಏಕೆಂದರೆ ಚರ್ಚೆ ಮುಗಿಸಿ ಎಂಟಕ್ಕೆ ಹಾಲ್ ಬಿಟ್ಟುಕೊಡಬೇಕು. ಬೇರೆ ಭಾಷೆಯದಾದರೆ ಒಳ್ಳೆಯ ಸಬ್‌ಟೈಟಲ್ ಇರಬೇಕು. ಪ್ರದರ್ಶಿಸಲು ನಮಗೆ ಹಕ್ಕಿರಬೇಕು. ಮನೆಯಲ್ಲಿ ನೋಡಲು ಪಡೆದ ಚಂದಾ ಸಾಮಾನ್ಯವಾಗಿ ಹಾಲಿನಲ್ಲಿ ತೋರಿಸುವ ಅನುಮತಿಯನ್ನು ಕೊಡುವುದಿಲ್ಲ. "ನಮಗೆ ಹಿಡಿಸಲಿಲ್ಲ" ಎಂಬ ಕಾರಣಕ್ಕೆ ಯಾವ ಸಿನಿಮಾವನ್ನೂ ಬಿಡುವಂತಿಲ್ಲ. ಬಿಟ್ಟರೆ ಕಾರಣ ನೋಟಿಸ್ ಬೋರ್ಡಿನಲ್ಲಿರುತ್ತದೆ.

ಇನ್ನು ಮತದಾನ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬರಿಗೆ ಒಂದೇ ಮತ ಎಂದಿಟ್ಟುಕೊಳ್ಳಿ. ನಾವು ಅರವತ್ತು ಜನ, ಒಂದು ಸಿನಿಮಾಕ್ಕೆ 20 ಮತ ಬಿತ್ತು, ಉಳಿದವು ಮೂರು ಸಿನಿಮಾಗಳಿಗೆ 14, 13, 13 ಎಂದು ಹಂಚಿಹೋದವು. ಮಿಕ್ಕ ನಲವತ್ತು ಜನಕ್ಕೆ ಬೇಡವಾಗಿದ್ದರೂ 20ರದ್ದೇ ಗೆಲುವು. ಫ್ರಾನ್ಸಿನ ಗಣಿತಜ್ಞರಾದ ಬೋರ್ದಾ, ಕೊಂಡೋರ್ಸೆ 18ನೇ ಶತಮಾನದಲ್ಲೇ ಈ ತೊಡಕನ್ನು ಎತ್ತಿ ತೋರಿಸಿದ್ದರು. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರಕ್ಕೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಟ್ಟು ಮತ ಹಾಕುತ್ತಾರೆ. ಒಂದೇ ಒಂದು ಚಿತ್ರವನ್ನು ಆರಿಸಲು ಅದು ಹೊಂದುತ್ತದೆ. ನಮಗೆ ಬೇಕಾಗಿರುವುದು ಹಲವು. ಆದ್ದರಿಂದ ಪಟ್ಟಿಯಲ್ಲಿ ನೀವು ಬಂದು ಕೂತು ನೋಡಲು ಸಿದ್ಧವಿರುವ ಎಲ್ಲ ಸಿನಿಮಾಗಳಿಗೂ ಟಿಕ್ ಹಾಕಿ. ಎರಡಾದರೂ ಸರಿ, ಇಪ್ಪತ್ತಾದರೂ ಸರಿ. ಹೆಸರು ಬರೆಯಬೇಡಿ. ಹೆಚ್ಚು ಟಿಕ್ ಪಡೆದ ಆರು ಸಿನಿಮಾಗಳು ಆಯ್ಕೆಯಾಗುತ್ತವೆ. ಆ ಆರರಲ್ಲಿ ಒಬ್ಬ ನಿರ್ದೇಶಕರದು ಒಂದೇ, ಒಂದು ಭಾಷೆಯವು ಎರಡೇ.

ಈ ವಿಧಾನಕ್ಕೂ ಒಂದು ಕೊರತೆಯಿದೆ. ಎಲ್ಲರಿಗೂ ಸುಮಾರಾಗಿ ಒಪ್ಪಿಗೆಯಾಗುವ ಸಿನಿಮಾಗಳು ಮೇಲೆ ಬರುತ್ತವೆ. ಐದೇ ಜನ ಜೀವ ಬಿಡುವಷ್ಟು ಹಚ್ಚಿಕೊಂಡದ್ದು ಕೆಳಗುಳಿಯುತ್ತದೆ. ಮೂಕಿ ಚಿತ್ರ, ಸಾಕ್ಷ್ಯಚಿತ್ರ, ಅರ್ಧ ಗಂಟೆ ಯಾರೂ ಮಾತಾಡದ ಚಿತ್ರ ಇವು ಮತದಲ್ಲಿ ಗೆಲ್ಲುವುದು ಅಪರೂಪ. ಕ್ಲಬ್ ಇರುವುದು ಅಂಥವಕ್ಕೂ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದ್ದರಿಂದ ಉಳಿದ ಮೂರು ಬುಧವಾರಗಳಿಗೆ ಮತವಿಲ್ಲ. ಗೆಲ್ಲದೆ ಉಳಿದ ಸಿನಿಮಾಗಳ ಚೀಟಿಗಳನ್ನೆಲ್ಲ ಡಬ್ಬಿಗೆ ಹಾಕಿ, ನಿಮ್ಮೆದುರೇ ಮೂರನ್ನು ಎತ್ತುತ್ತೇವೆ. ಒಂದೇ ಟಿಕ್ ಬಿದ್ದ ಸಿನಿಮಾಕ್ಕೂ ಅಲ್ಲಿ ಸಮಾನ ಅವಕಾಶ.

ನಿಮ್ಮ ಸಿನಿಮಾ ಆಯ್ಕೆಯಾದರೆ ಆ ದಿನ ಐದು ನಿಮಿಷ ಪರಿಚಯ ಮಾಡಿಕೊಡುವವರು ನೀವೇ. ಕಥೆ ಬಿಟ್ಟುಕೊಡಬೇಡಿ. ಮುಗಿದ ಮೇಲೆ ಚರ್ಚೆಯ ಮೊದಲ ಪ್ರಶ್ನೆಯೂ ನಿಮ್ಮದೇ. ವೇದಿಕೆಯಲ್ಲಿ ಮಾತಾಡಲು ಅಂಜುವವರ ಜೊತೆ ಸಮಿತಿಯವರೊಬ್ಬರು ನಿಲ್ಲುತ್ತಾರೆ, ಆ ಭಯಕ್ಕೆ ಸೂಚನೆ ಕೊಡದೆ ಇರಬೇಡಿ. ಉಳಿದವರಲ್ಲಿ ನನ್ನ ಕೋರಿಕೆ ಒಂದೇ: ನೀವು ಟಿಕ್ ಹಾಕದ ಸಿನಿಮಾಕ್ಕೂ ಬನ್ನಿ.

ಚೀಟಿಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ. ಶುಕ್ರವಾರ ಸಂಜೆ ಐದರೊಳಗೆ ಗ್ರಂಥಾಲಯದ ಮುಂದಿನ ಡಬ್ಬಿಗೆ ಹಾಕಿ. ಸೋಮವಾರ ಪಟ್ಟಿ ಬರುತ್ತದೆ, ಬುಧವಾರ ಇಲ್ಲೇ ಮತದಾನ, ಎಣಿಕೆ, ಚೀಟಿ ಎತ್ತುವುದು ಎಲ್ಲ. ಈಗ ಪ್ರಶ್ನೆಗಳಿದ್ದರೆ ಕೇಳಿ.