ಪಾಠ 4: ಆ "ಆದ್ದರಿಂದ" ಎಲ್ಲಿದೆ ಹುಡುಕಿ

ಚರ್ಚಾ ತರಬೇತಿ, ಚಿತ್ರದುರ್ಗ. ಭಾನುವಾರದ ಗುಂಪು, 8ರಿಂದ 10ನೇ ತರಗತಿ. ಎರಡು ಗಂಟೆ.

ಶುರು ಮಾಡುವ ಮುಂಚೆ ಒಂದು ಮಾತು. ಗಣ್ಯರು, ನಿರ್ಣಾಯಕರು, ಗುರುವೃಂದ, ನೆಚ್ಚಿನ ಸಹಪಾಠಿಗಳು ಅಂತ ಎಲ್ಲರಿಗೂ ವಂದಿಸುವಷ್ಟರಲ್ಲಿ ಮೂರು ನಿಮಿಷದಲ್ಲಿ ಮುಕ್ಕಾಲು ನಿಮಿಷ ಹೋಗಿರುತ್ತದೆ. ಇಲ್ಲಿ "ನಮಸ್ಕಾರ" ಸಾಕು. ಬೇರೆಯವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಬರಬೇಡಿ. ಎದುರಿನವರು ಏನು ಹೇಳುತ್ತಾರೆ ಅಂತ ನಿಮ್ಮ ಚಿಕ್ಕಪ್ಪನಿಗೆ ಗೊತ್ತಿರುವುದಿಲ್ಲ, ಅಲ್ವಾ?

ಇವತ್ತಿನ ವಿಷಯ: ಊರಲ್ಲಿ ಯಾರೇ ಹೊಸ ಬೋರ್ ಕೊರೆಸಬೇಕಾದರೂ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆಯಬೇಕು.

ಪರವೋ ವಿರೋಧವೋ ಚೀಟಿ ಎತ್ತಿ ತೀರ್ಮಾನಿಸಿ. ನಿಮ್ಮಪ್ಪ ಹೋದ ತಿಂಗಳು ಬೋರ್ ಕೊರೆಸಿದ್ದರೂ ಪರ ಬಂದರೆ ಪರವೇ ಮಾತಾಡಬೇಕು.

ಮೊದಲು ವಾದ ಕಟ್ಟುವುದು. ನಿಮ್ಮ ಮಾತು, ಅದಕ್ಕೆ ಕಾರಣ, ಕಾರಣಕ್ಕೆ ಪುರಾವೆ, ಇಷ್ಟೇ. "ಒಪ್ಪಿಗೆ ಬೇಕು. ಯಾಕೆಂದರೆ ಪಕ್ಕದ ತೋಟದವರು 800 ಅಡಿಗೆ ಹೋದರೆ ನಮ್ಮ 400 ಅಡಿಯ ಬೋರ್ ಒಣಗಬಹುದು, ನೆಲದೊಳಗೆ ಬೇಲಿ ಇಲ್ಲ." ಮಾತೂ ಇದೆ, ಕಾರಣವೂ ಇದೆ. ಪುರಾವೆ ಇಲ್ಲ. ಪಕ್ಕದ ಬೋರ್ ಯಾವಾಗ ಕೊರೆದರು, ನಿಮ್ಮದರಲ್ಲಿ ಅದಕ್ಕೆ ಮುಂಚೆ ಎಷ್ಟು ಇಂಚು ನೀರಿತ್ತು, ಆಮೇಲೆ ಎಷ್ಟು ಉಳಿಯಿತು? ಆ ವರ್ಷ ಮಳೆಯೇ ಕೈಕೊಟ್ಟಿತ್ತಾ? ಇದನ್ನು ನೀವೇ ಕೇಳಿಕೊಳ್ಳದಿದ್ದರೆ ಎದುರಿನವರು ಕೇಳುತ್ತಾರೆ.

ಈಗ ವಿರೋಧದ ಹುಡುಗ ಎದ್ದು ಹೀಗೆ ಹೇಳಿದ ಅಂದುಕೊಳ್ಳಿ: "2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. ಆದ್ದರಿಂದ ಜಿಲ್ಲೆಯ ನೀರಿನ ಕಷ್ಟ ಮುಗಿಯಿತು, ಈ ನಿಯಮ ಬೇಡ."

"ಸುಳ್ಳು" ಅಂತ ಕೂಗಿದರೆ ನೀವು ಅಲ್ಲೇ ಸೋತಿರಿ. ಕೋಡಿ ಬಿದ್ದದ್ದು ನಿಜ, ಇಡೀ ಜಿಲ್ಲೆ ಹೋಗಿ ನೋಡಿ ಫೋಟೊ ತೆಗೆಸಿಕೊಂಡಿದೆ. "ನಿಮ್ಮ ಮನೆಯಲ್ಲೇ ಮೂರು ಬೋರ್ ಇವೆ" ಅಂದರೆ ಚಪ್ಪಾಳೆ ಬರಬಹುದು, ಅಂಕ ಬರುವುದಿಲ್ಲ. ಅದು ಹುಡುಗನ ಮೇಲೆ ಹೋಗಿದ್ದು, ಅವನ ವಾದದ ಮೇಲಲ್ಲ.

ಸಂಗತಿಯನ್ನು ಒಪ್ಪಿಕೊಳ್ಳಿ, "ಆದ್ದರಿಂದ"ವನ್ನು ಹಿಡಿಯಿರಿ. ಹೀಗೆ: "ಹೌದು, ಕೋಡಿ ಬಿತ್ತು. 1907ರಲ್ಲಿ ಮುಗಿದ ಅಣೆಕಟ್ಟು ಅದು. 2022ಕ್ಕೆ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ನಡುವೆ 89 ವರ್ಷ. ಅಷ್ಟು ವರ್ಷಕ್ಕೊಮ್ಮೆ ಬರುವುದನ್ನು ನಂಬಿ ನಿಯಮ ಬೇಡ ಅನ್ನುವುದು ಹೇಗೆ?"

ಚೆನ್ನಾಗಿದೆ. ಆದರೆ ವಿರೋಧದವರು ಸುಮ್ನೆ ಕೂರುವುದಿಲ್ಲ. "2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತಲ್ಲ, ಮೂರು ವರ್ಷವೂ ಆಗಿರಲಿಲ್ಲ" ಅನ್ನುತ್ತಾರೆ. 89 ವರ್ಷದ ಲೆಕ್ಕ ಒಂದೇ ಏಟಿಗೆ ಬಿತ್ತು. ನಿಮಗೆ ಸರಿಹೊಂದುವ ಇಸವಿಯಲ್ಲೇ ಲೆಕ್ಕ ನಿಲ್ಲಿಸಿದರೆ ಆಗುವುದೇ ಇದು. ಆಗ ಪರದವರಿಗೆ ಉಳಿದಿರುವ ದಾರಿ: ಈಗ ಭದ್ರಾ ನೀರನ್ನು ಎತ್ತಿ ಆ ಜಲಾಶಯಕ್ಕೆ ಹರಿಸುತ್ತಾರೆ. ಹಾಗಾಗಿ ಕೋಡಿ ಬಿದ್ದ ಮಾತ್ರಕ್ಕೆ ನಮ್ಮ ಮಳೆ ಹೆಚ್ಚಿತು ಅಂತಲ್ಲ. ಹಿರಿಯೂರಿನ ಹತ್ತಿರ ಜಲಾಶಯ ತುಂಬಿದರೆ ಮೊಳಕಾಲ್ಮೂರಿನ ಬೋರ್‌ಗೆ ನೀರು ಬರುತ್ತದೆ ಅಂತಲೂ ಅಲ್ಲ.

ನನ್ನನ್ನು ಕೇಳಿದರೆ ವಿರೋಧದವರು ಜಲಾಶಯದ ಮಾತನ್ನೇ ಎತ್ತಬಾರದು. ಅವರ ಗಟ್ಟಿ ವಾದ ಬೇರೆ ಇದೆ. ಒಪ್ಪಿಗೆ ಕೊಡುವವರು ಯಾರು? ಈಗಾಗಲೇ ನಾಲ್ಕು ಬೋರ್ ಇರುವ ದೊಡ್ಡ ತೋಟದವರಿಗೆ ಈ ನಿಯಮದಿಂದ ಏನೂ ಆಗುವುದಿಲ್ಲ, ಮೊದಲ ಬೋರ್ ಕೊರೆಸಬೇಕಾದ ಎರಡು ಎಕರೆಯವರು ಮಾತ್ರ ಪಂಚಾಯಿತಿಗೆ ಅಲೆಯಬೇಕು. ಜೊತೆಗೆ ಅಂತರ್ಜಲಕ್ಕೆಂದೇ 2011ರ ರಾಜ್ಯ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಈಗಲೂ ಬೇಕು. ಇರುವುದನ್ನು ಬಿಟ್ಟು ಹೊಸದು ಯಾಕೆ? ಇದಕ್ಕೆ ಪರದವರು ಉತ್ತರ ಹುಡುಕಲಿ. ನನ್ನ ಹತ್ತಿರ ಒಂದಿದೆ, ಹೇಳುವುದಿಲ್ಲ.

ಪುರಾವೆ ಬಗ್ಗೆ ಇಷ್ಟು: ಯಾರು ಎಣಿಸಿದರು, ಯಾವಾಗ, ಎಲ್ಲಿ. "ನಮ್ಮಜ್ಜ ಹೇಳಿದರು" ಅನ್ನುವುದು ಅಜ್ಜನ ಹೊಲದ ಮಟ್ಟಿಗೆ ಒಳ್ಳೆಯ ಪುರಾವೆ, ಇಡೀ ತಾಲ್ಲೂಕಿಗೆ ಅಲ್ಲ. ವಾಟ್ಸಾಪ್‌ನಲ್ಲಿ ಬಂದದ್ದಕ್ಕೆ ಇಸವಿ, ಊರು ಎರಡೂ ಇರುವುದಿಲ್ಲ, ನೋಡಿ ಬೇಕಾದರೆ.

ಈಗ ಅಭ್ಯಾಸ. ಇಬ್ಬಿಬ್ಬರು ಕೂರಿ. ಒಬ್ಬರು ಎರಡು ನಿಮಿಷ ಮಾತಾಡಿ. ಇನ್ನೊಬ್ಬರು ಬರೆದುಕೊಳ್ಳಬೇಕು, ಆದರೆ ಪೂರ್ತಿ ಅಲ್ಲ, "ಆದ್ದರಿಂದ", "ಹಾಗಾಗಿ", "ಅಂದಮೇಲೆ" ಬಂದ ಸಾಲುಗಳನ್ನು ಮಾತ್ರ. ಆಮೇಲೆ ಒಂದು ನಿಮಿಷದ ಪ್ರತಿವಾದ. ಅದು "ನೀವು ಹೇಳಿದ್ದು..." ಅಂತ ಶುರುವಾಗಬೇಕು, ಎದುರಿನವರು "ಹೌದು, ಅದನ್ನೇ ಹೇಳಿದೆ" ಅಂತ ತಲೆಯಾಡಿಸಿದ ಮೇಲೇ ಮುಂದಕ್ಕೆ. ತಲೆಯಾಡಿಸದಿದ್ದರೆ ಮತ್ತೆ ಹೇಳಿ, ಗಡಿಯಾರ ಓಡುತ್ತಿರುತ್ತದೆ.

ಮುಂದಿನ ವಾರಕ್ಕೆ: ನಿಮ್ಮ ಬೀದಿಯಲ್ಲಿ ಬೋರ್ ಇರುವ ಮೂರು ಮನೆ ಅಥವಾ ತೋಟಕ್ಕೆ ಹೋಗಿ. ಕೊರೆಸಿದ ವರ್ಷ, ಆಳ, ಆಗ ಎಷ್ಟು ಇಂಚು, ಈಗ ಎಷ್ಟು, ಇಷ್ಟು ಬರೆದುಕೊಂಡು ಬನ್ನಿ. ಫೇಲ್ ಆದ ಬೋರ್‌ಗಳನ್ನೂ ಕೇಳಿ, ಅವುಗಳ ಲೆಕ್ಕವನ್ನು ಯಾರೂ ತಾವಾಗಿ ಹೇಳುವುದಿಲ್ಲ.