ನಿನ್ನ ಹಗಲಿಗೆ ನನ್ನ ಶುಭರಾತ್ರಿ

(ಸುಮಾ ಭಾರತದಲ್ಲಿ, ವೀಣಾ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಸಂದೇಶ ಕಳುಹಿಸಿದವರ ಊರಿನ ಸಮಯವನ್ನೇ ನಮೂದಿಸಲಾಗಿದೆ. 2025.)

ಅಕ್ಟೋಬರ್ 31, ಶುಕ್ರವಾರ

ಸುಮಾ, ರಾತ್ರಿ 10:30
ವೀಣಾ, ಗೋಡೆ ಗಡಿಯಾರದಲ್ಲಿ ಹತ್ತೂವರೆ. ಅರ್ಧ ಗಂಟೆ ಕಳೆದು, ರಾತ್ರಿಯನ್ನು ಹಗಲು ಮಾಡಿದರೆ ನಿನ್ನ ಹತ್ತು ಗಂಟೆ. ಈ ಲೆಕ್ಕ ಈಗ ಕೈಗೆ ಬಂದುಬಿಟ್ಟಿದೆ, ನಿನ್ನ ಸಮಯ ತಿಳಿಯಲು ಮೊಬೈಲ್ ನೋಡುವುದೇ ಇಲ್ಲ. ಅಪ್ಪ ಇವತ್ತು ಊರುಗೋಲು ಹಿಡಿದು ಬಾಗಿಲವರೆಗೆ ನಡೆದರು. ಆಪರೇಷನ್ ಆದ ಮೇಲೆ ಇಷ್ಟು ದೂರ ನಡೆದದ್ದು ಇದೇ ಮೊದಲು. ನೀನು ಪ್ರಬಂಧದ ಮೂರನೆಯ ಅಧ್ಯಾಯ ಮುಗಿಸಿ ಮೇಲೇಳು. ಶುಭರಾತ್ರಿ.

ವೀಣಾ, ರಾತ್ರಿ 11:10
ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ನಿನ್ನ ಸಂದೇಶ ಓದಿದೆ. ಅಪ್ಪ ಬಾಗಿಲವರೆಗೆ ನಡೆದದ್ದನ್ನು ಎರಡು ಸಲ ಓದಿದೆ. ಮೂರನೆಯ ಅಧ್ಯಾಯ ಮುಗಿಯಿತು. ಈಗ ನಿನಗೆ ಶನಿವಾರದ ನಡುಹಗಲು ಹತ್ತಿರವಾಗಿದೆ, ನಾನಿನ್ನೂ ಶುಕ್ರವಾರದಲ್ಲೇ ಇದ್ದೇನೆ. ನಾಳೆ ಹೇಗಿದೆ ಎಂದು ನೀನು ನೋಡಿ ಹೇಳಿದ ಮೇಲೆ ನಾನು ಅದರೊಳಗೆ ಕಾಲಿಡುವುದು ನನಗೆ ಧೈರ್ಯ. ಶುಭರಾತ್ರಿ, ಸುಮಾ.

ನವೆಂಬರ್ 1, ಶನಿವಾರ

ಸುಮಾ, ರಾತ್ರಿ 11:05
ನಾಳೆ ಚೆನ್ನಾಗಿದೆ, ಬಾ. ಶುಭರಾತ್ರಿ.

ವೀಣಾ, ರಾತ್ರಿ 11:50
ಮಲಗುವ ಮುಂಚೆ ಒಂದು ಮಾತು. ಈ ರಾತ್ರಿ ಎರಡು ಗಂಟೆಗೆ ಇಲ್ಲಿನ ಗಡಿಯಾರಗಳು ಒಂದು ಗಂಟೆ ಹಿಂದೆ ಹೋಗುತ್ತವೆ. ನಮ್ಮಲ್ಲಿ ಆ ಪದ್ಧತಿ ಇಲ್ಲವಾದ್ದರಿಂದ ನಾವಿಬ್ಬರೂ ಇನ್ನೂ ಒಂದು ಗಂಟೆ ದೂರವಾಗುತ್ತೇವೆ. ಹನ್ನೆರಡೂವರೆ ಇದ್ದದ್ದು ಹದಿಮೂರೂವರೆ. ನಿನ್ನ ಲೆಕ್ಕಕ್ಕೆ ಈಗ ಅರ್ಧ ಗಂಟೆ ಸಾಲದು, ಒಂದೂವರೆ ಗಂಟೆ ಕಳೆಯಬೇಕು. ಮಾರ್ಚ್ ತಿಂಗಳ ಎರಡನೆಯ ಭಾನುವಾರದವರೆಗೂ ಹೀಗೇ. ಒಂದೇ ಗಂಟೆ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ. ಶುಭರಾತ್ರಿ.

ನವೆಂಬರ್ 2, ಭಾನುವಾರ

ಸುಮಾ, ರಾತ್ರಿ 10:30
ಹತ್ತೂವರೆಯಿಂದ ಒಂದೂವರೆ ಕಳೆದೆ. ನಿನಗೆ ಒಂಬತ್ತು. ಅಷ್ಟೇ ತಾನೆ, ನನ್ನ ಸಂದೇಶ ಇನ್ನು ಮುಂದೆ ನೀನು ಹೊರಡುವ ಮೊದಲೇ ಸಿಗುತ್ತದೆ. ಬುಧವಾರದ ಮೌಖಿಕ ಪರೀಕ್ಷೆ ನೆನೆದು ಹೆದರಬೇಡ. ನೀನು ಐದು ವರ್ಷ ಮಾಡಿದ ಕೆಲಸ ಅದು, ನಿನಗಿಂತ ಹೆಚ್ಚು ಅದನ್ನು ಬಲ್ಲವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಶುಭರಾತ್ರಿ.

ವೀಣಾ, ರಾತ್ರಿ 10:15
ಇದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತೇನೆ. ಶುಭರಾತ್ರಿ.

ನವೆಂಬರ್ 3, ಸೋಮವಾರ

ವೀಣಾ, ಮಧ್ಯಾಹ್ನ 12:30
ಸುಮಾ, ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಶುಭರಾತ್ರಿ ಬರಲಿಲ್ಲ. ಹತ್ತಕ್ಕೂ ಇಲ್ಲ, ಹನ್ನೊಂದಕ್ಕೂ ಇಲ್ಲ. ನಿನಗೀಗ ಮಂಗಳವಾರದ ಸರಿರಾತ್ರಿ ಎರಡು ಗಂಟೆ. ಕರೆ ಮಾಡಲು ಎರಡು ಸಲ ಕೈ ಹೋಯಿತು, ಅಪ್ಪನಿಗೆ ಎಚ್ಚರವಾದೀತು ಎಂದು ತಡೆದುಕೊಂಡೆ. ಆಯಾಸದಿಂದ ನಿದ್ದೆ ಹೋಗಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಚ್ಚರವಿದ್ದರೆ ಒಂದು ಅಕ್ಷರ ಕಳುಹಿಸು, ಸಾಕು.

ನವೆಂಬರ್ 4, ಮಂಗಳವಾರ

ಸುಮಾ, ಬೆಳಗಿನ ಜಾವ 3:10
ಎಚ್ಚರವಿದ್ದೇನೆ. ಅಪ್ಪನಿಗೆ ಸಂಜೆಯಿಂದ ಜ್ವರ, ಮಂಡಿಯಲ್ಲಿ ವಿಪರೀತ ನೋವು. ಡಾಕ್ಟರು ಫೋನಿನಲ್ಲಿ ಮಾತನಾಡಿ ಮಾತ್ರೆ ಹೇಳಿದರು, ಬೆಳಿಗ್ಗೆ ಕರೆದುಕೊಂಡು ಬನ್ನಿ ಎಂದರು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ, ಮೊಬೈಲ್ ಎಲ್ಲಿದೆ ಎಂಬ ಪರಿವೆಯೂ ಇರಲಿಲ್ಲ. ಈಗ ತಾನೇ ಅವರಿಗೆ ಜೊಂಪು ಹತ್ತಿದೆ. ಮನೆಯಲ್ಲಿ ಎಲ್ಲ ನಿಶ್ಶಬ್ದ. ಈ ಹೊತ್ತಿನಲ್ಲಿ ಯಾರನ್ನೂ ಎಬ್ಬಿಸಲಾಗದು, ವೀಣಾ.

ನವೆಂಬರ್ 3, ಸೋಮವಾರ

ವೀಣಾ, ಮಧ್ಯಾಹ್ನ 1:41
ನನ್ನನ್ನು ಎಬ್ಬಿಸುವ ಅಗತ್ಯವೇ ಇಲ್ಲ. ನನಗಿದು ಹಾಡಹಗಲು. ಕೆಲಸ ಬದಿಗಿಟ್ಟು ಕೂತಿದ್ದೇನೆ. ಜ್ವರ ಈಗ ಎಷ್ಟು?

ನವೆಂಬರ್ 4, ಮಂಗಳವಾರ

ಸುಮಾ, ಬೆಳಗಿನ ಜಾವ 3:15
ನೂರೊಂದರಿಂದ ತೊಂಬತ್ತೊಂಬತ್ತಕ್ಕೆ ಇಳಿದಿದೆ. ಆದರೂ ಕಣ್ಣು ಮುಚ್ಚಲು ಭಯ.

ನವೆಂಬರ್ 3, ಸೋಮವಾರ

ವೀಣಾ, ಮಧ್ಯಾಹ್ನ 1:46
ಹಾಗಾದರೆ ಹೀಗೆ ಮಾಡು. ಅಪ್ಪನ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಒರಗು. ನಾನು ಇಲ್ಲಿ ಎಚ್ಚರವಾಗಿದ್ದು, ನಿನ್ನ ಐದೂವರೆಗೆ ಸರಿಯಾಗಿ ಕರೆ ಮಾಡಿ ಎಬ್ಬಿಸುತ್ತೇನೆ, ಆಗ ಜ್ವರ ಮತ್ತೆ ನೋಡುವೆಯಂತೆ. ಅಷ್ಟರವರೆಗೆ ಕಾವಲು ನನ್ನದು. ಎರಡು ಗಂಟೆಯಾದರೂ ಮಲಗು, ಬೆಳಿಗ್ಗೆ ಆಸ್ಪತ್ರೆಗೆ ಓಡಾಡಬೇಕಾದವಳು ನೀನು. ನಡುಮಧ್ಯಾಹ್ನದಲ್ಲಿ ಹೇಳುತ್ತಿದ್ದೇನೆ, ಶುಭರಾತ್ರಿ.

ನವೆಂಬರ್ 4, ಮಂಗಳವಾರ

ಸುಮಾ, ಬೆಳಗಿನ ಜಾವ 3:18
ಚಾಪೆ ಹಾಸಿದೆ. ಎದೆ ಸ್ವಲ್ಪ ಹಗುರವಾಯಿತು. ಶುಭರಾತ್ರಿ.

ಸುಮಾ, ರಾತ್ರಿ 9:40
ಬೆಳಿಗ್ಗೆ ನಿನ್ನ ಕರೆ ಬಂದಾಗ ಅಪ್ಪನ ಹಣೆ ತಣ್ಣಗಿತ್ತು. ಗಾಯ ಚೆನ್ನಾಗಿಯೇ ಇದೆಯಂತೆ, ಔಷಧ ಬದಲಿಸಿದ್ದಾರೆ. ಸಂಜೆ ಅವರೇ ನಿನ್ನನ್ನು ಕೇಳಿದರು, ವೀಣಾಳ ಪರೀಕ್ಷೆ ಎಂದು ಎಂದು. ಇವತ್ತು ನಾನು ಬೇಗ ಮಲಗುತ್ತೇನೆ, ನೀನೂ ಇವತ್ತು ಬೇಗ ಮಲಗು. ಶುಭರಾತ್ರಿ.

ನವೆಂಬರ್ 5, ಬುಧವಾರ

ವೀಣಾ, ಬೆಳಗಿನ ಜಾವ 5:00
ಸುಮಾ, ನಿದ್ದೆ ಹತ್ತಲಿಲ್ಲ. ನಾಲ್ಕು ಗಂಟೆಯಿಂದ ಮಗ್ಗುಲು ಬದಲಿಸಿ ಬದಲಿಸಿ ಸಾಕಾಗಿ ಎದ್ದು ಕೂತಿದ್ದೇನೆ. ಪಶ್ಚಿಮದ ಕಿಟಕಿಯಲ್ಲಿ ಹುಣ್ಣಿಮೆಯ ಚಂದ್ರ ಕೆಳಗಿಳಿಯುತ್ತಿದ್ದಾನೆ. ಕಿಟಕಿಯ ಅಡ್ಡಪಟ್ಟಿಯ ನೆರಳು ಹಾಸಿಗೆಯ ಮೇಲೆ ಬಿದ್ದಿದೆ.

ಸುಮಾ, ಸಂಜೆ 6:34
ನಾನು ಈಗ ತಾರಸಿಗೆ ಓಡಿ ಬಂದೆ. ಪೂರ್ವದಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ದೊಡ್ಡದಾಗಿ, ಹಳದಿಯಾಗಿ ನಿಂತಿದ್ದಾನೆ! ನಿನ್ನಲ್ಲಿ ಮುಳುಗುವ ಮುಂಚೆಯೇ ನನ್ನಲ್ಲಿ ಹುಟ್ಟಿದ್ದಾನೆ. ವೀಣಾ, ನಾವಿಬ್ಬರೂ ಈಗ ಒಂದೇ ಚಂದ್ರನನ್ನು ನೋಡುತ್ತಿದ್ದೇವೆ.

ವೀಣಾ, ಬೆಳಗಿನ ಜಾವ 5:06
ಭೂಮಿಯ ಆಚೆ ಬದಿ ಈಚೆ ಬದಿ ಎಂದುಕೊಂಡಿದ್ದೆ, ಒಂದೇ ಹೊತ್ತಿಗೆ ಸಿಗುವುದು ಸಾಧ್ಯವೇ ಇಲ್ಲ ಎಂದು. ಚಳಿಗಾಲ ಹತ್ತಿರವಾದಂತೆ ಇಲ್ಲಿ ರಾತ್ರಿ ಉದ್ದ, ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿರುವುದರಿಂದ ಆ ಉದ್ದನೆಯ ರಾತ್ರಿಯುದ್ದಕ್ಕೂ ಇರುತ್ತಾನೆ. ಅದಕ್ಕೇ ಇಷ್ಟು ಹೊತ್ತು ಕಾದಿದ್ದಾನೆ. ಅಲ್ಲೇ ಇರು, ಐದು ನಿಮಿಷ.

ಸುಮಾ, ಸಂಜೆ 6:37
ಇದ್ದೇನೆ.

ವೀಣಾ, ಬೆಳಗಿನ ಜಾವ 5:15
ಈಗ ರೆಪ್ಪೆ ಭಾರವಾಗುತ್ತಿದೆ. ಪರೀಕ್ಷೆ ಹತ್ತಕ್ಕೆ, ಏಳರವರೆಗೆ ಮಲಗುತ್ತೇನೆ. ಪರೀಕ್ಷೆಯ ಹೊತ್ತಿಗೆ ನಿನಗೆ ರಾತ್ರಿ ಹನ್ನೊಂದೂವರೆ, ಎಚ್ಚರವಾಗಿ ಕಾಯಬೇಡ. ಎರಡು ದಿನದ ನಿದ್ದೆ ಬಾಕಿ ಇದೆ ನಿನಗೆ. ಮಾತು ಕೊಡು.

ಸುಮಾ, ಸಂಜೆ 6:46
ನಿನ್ನ ಕೆಲಸವನ್ನು ನೀನೇ ವಿವರಿಸುವಾಗ ನಿನ್ನ ದನಿ ಎಷ್ಟು ಗಟ್ಟಿಯಾಗುತ್ತದೆ ಎಂದು ನನಗೆ ಗೊತ್ತು. ಅದೇ ದನಿಯಲ್ಲಿ ಮಾತನಾಡು. ಈಗ ಮಲಗು. ಶುಭರಾತ್ರಿ.

ವೀಣಾ, ಮಧ್ಯಾಹ್ನ 12:15
ಸುಮಾ, ಆಯಿತು. ಒಪ್ಪಿದರು. ಸಣ್ಣ ತಿದ್ದುಪಡಿಗಳಷ್ಟೇ. ಹೊರಗೆ ಬಂದು ಮೊದಲು ನಿನಗೇ ಬರೆಯುತ್ತಿದ್ದೇನೆ, ಬೆರಳು ನಡುಗುತ್ತಿವೆ. ನಿನಗೆ ಒಂದೂಮುಕ್ಕಾಲು. ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಓದು.

ನವೆಂಬರ್ 6, ಗುರುವಾರ

ಸುಮಾ, ರಾತ್ರಿ 1:46
ಓದಿದೆ. ಮಾತು ಕೊಡು ಎಂದಿದ್ದೆ, ನಾನು ಕೊಟ್ಟಿರಲಿಲ್ಲ. ಅಪ್ಪನೂ ಎಚ್ಚರವಾಗಿದ್ದಾರೆ, ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ. ಅವರಿಗೂ ಓದಿ ಹೇಳಿದೆ. ಈಗ ದೀಪ ಆರಿಸುತ್ತೇನೆ. ಶುಭರಾತ್ರಿ, ವೀಣಾ.